ಏಣಿ ಮುಚ್ಚಿದರೆ ಹೊಲಿಗೆ ಮಾಯ

ಸ್ವೆಟರಿನ ಮುಂದಿನ, ಹಿಂದಿನ ತುಂಡುಗಳನ್ನು ಹೆಣೆದ ಮೇಲೆ ಅನೇಕರು ಒಳಮೈ ಹೊರಗೆ ಮಾಡಿ ಅಂಚುಗಳನ್ನು ಸುತ್ತಿ ಹೊಲಿಯುತ್ತಾರೆ. ಪಕ್ಕೆಯಲ್ಲಿ ಹಗ್ಗದಂಥ ಉಬ್ಬು ಏಳುವುದು ಹೀಗೆ. ಮ್ಯಾಟ್ರೆಸ್ ಸ್ಟಿಚ್‌ನಲ್ಲಿ ಹೊರಮೈಯನ್ನೇ ಮೇಲಿಟ್ಟುಕೊಂಡು ಹೊಲಿಯುತ್ತಾರೆ.

ಸ್ಟಾಕಿನೆಟ್ ಹೆಣಿಗೆಯ ಹೊರಮೈಯಲ್ಲಿ ಇಂಗ್ಲಿಷಿನ ‘ವಿ’ಯಂಥ ಕುಣಿಕೆಗಳು ಕಂಬಗಳಾಗಿ ನಿಂತಿರುತ್ತವೆ. ಅಂಚಿನ ಕಂಬವನ್ನು ಪಕ್ಕದ ಕಂಬದಿಂದ ಮೆಲ್ಲಗೆ ಅಗಲಿಸಿದರೆ ನಡುವೆ ಏಣಿಯ ಮೆಟ್ಟಿಲಿನಂಥ ಅಡ್ಡ ಎಳೆಗಳು ಕಾಣುತ್ತವೆ, ಸಾಲಿಗೊಂದು. ಮೊಂಡು ತುದಿಯ ಸೂಜಿ ಎಡತುಂಡಿನ ಒಂದು ಎಳೆಯ ಕೆಳಗೆ ತೂರಿ, ಬಲತುಂಡಿನ ಅದೇ ಸಾಲಿನ ಎಳೆಗೆ ಹೋಗಬೇಕು. ಮರಳಿದಾಗ ಹಿಂದೆ ಹೊರಬಂದ ಜಾಗದಲ್ಲೇ ಹೊಕ್ಕು ಮೇಲಿನ ಎಳೆಯನ್ನು ಹಿಡಿಯಬೇಕು. ಐದಾರು ಸಾಲು ಸಡಿಲವಾಗಿ ಹೊಲಿದು ನೂಲೆಳೆದರೆ ಏಣಿ ಮುಚ್ಚಿ, ಅಂಚಿನ ಎರಡೂ ಕಂಬಗಳು ಒಳಕ್ಕೆ ಮಡಚಿಕೊಳ್ಳುತ್ತವೆ. ನೋಡಲು ಮೋಜಿನ ಗಳಿಗೆ ಅದು!

ಅತಿಯಾಗಿ ಎಳೆದರೆ ಪಕ್ಕೆ ಸುಕ್ಕುಗಟ್ಟುತ್ತದೆ. ಹೊಲಿದ ಭಾಗವನ್ನು ಉದ್ದಕ್ಕೆ ಜಗ್ಗಿದರೆ ಬೇಕಾದಷ್ಟು ನೂಲು ಒಳಸರಿಯುತ್ತದೆ. ಹೊಲಿಗೆಯ ಗೆರೆಯಲ್ಲಿ ಅರ್ಧ ‘ವಿ’ ಕಂಡರೆ ಸೂಜಿ ಕಂಬದ ನಡುವೆ ಹೊಕ್ಕಿದೆ ಎಂದರ್ಥ; ಅಲ್ಲಿಯವರೆಗೆ ಬಿಚ್ಚಬೇಕು.

ಮುಂದಿನ ತುಂಡಿನಲ್ಲಿ 100 ಸಾಲು, ಹಿಂದಿನದರಲ್ಲಿ 102 ಇದ್ದರೆ? ಎಣಿಕೆ ತಪ್ಪಿದ್ದಕ್ಕೆ ಬಿಚ್ಚಬೇಕಿಲ್ಲ. ಸುಮಾರು 33ನೇ ಸಾಲಿನಲ್ಲೊಮ್ಮೆ, 66ರಲ್ಲೊಮ್ಮೆ ಹಿಂದಿನ ತುಂಡಿನ ಎರಡು ಎಳೆಗಳನ್ನು ಒಟ್ಟಿಗೆ ಹಿಡಿದು, ಮುಂದಿನದರಲ್ಲಿ ಒಂದನ್ನೇ ಹಿಡಿದರೆ ಸರಿಹೋಗುತ್ತದೆ. ವ್ಯತ್ಯಾಸ ಹತ್ತು ಸಾಲಿದ್ದರೆ ಮಾತ್ರ ಈ ಉಪಾಯಕ್ಕಿಂತ ಹೆಣಿಗೆಯನ್ನೇ ತಿದ್ದುವುದು ಲೇಸು.

ಒಳಸೇರುವ ಕಂಬಕ್ಕಾಗಿ ಪ್ರತಿ ಅಂಚಿಗೆ ಒಂದು ಕುಣಿಕೆ ಹೆಚ್ಚು ಹಾಕಿರಬೇಕು. ತೀರಾ ದಪ್ಪ ನೂಲಿನಲ್ಲಿ ಆ ಮಡಿಕೆಯೇ ಉಬ್ಬುವುದರಿಂದ ಕೆಲವರು ಅಂಚಿನ ಕಂಬದ ಅರ್ಧವನ್ನಷ್ಟೇ ಒಳಗೆ ಸೇರಿಸುತ್ತಾರೆ.