ತನ್ವೀನ್ ಒಲ್ಲದ ಹೆಸರುಗಳು

ಅರಬ್ಬಿಯಲ್ಲಿ ‘ಸಾಲಿಹ್ ಬಂದ’ ಎನ್ನಲು ‘ಜಾಅ ಸಾಲಿಹುನ್’ ಎನ್ನಬೇಕು. ಬಂದವನು ಇಬ್ರಾಹೀಮನಾದರೆ ‘ಜಾಅ ಇಬ್ರಾಹೀಮು’. ಕೊನೆಯ ‘ನ್’ ಇಲ್ಲ. ‘ಸಾಲಿಹನ ಕಡೆಗೆ’ ಎನ್ನುವುದು ‘ಇಲಾ ಸಾಲಿಹಿನ್’. ಅದೇ ಲೆಕ್ಕದಲ್ಲಿ ‘ಇಲಾ ಇಬ್ರಾಹೀಮಿನ್’ ಎಂದು ಓದಿದರೆ ತಪ್ಪು, ‘ಇಲಾ ಇಬ್ರಾಹೀಮಿ’ ಎಂದರೂ ತಪ್ಪು. ಸರಿಯಾದ ರೂಪ ‘ಇಲಾ ಇಬ್ರಾಹೀಮ’.

ಪದದ ಕೊನೆಗೆ ಸೇರುವ ಈ ‘ನ್’ ದನಿಯೇ ತನ್ವೀನ್. ಬರಹದಲ್ಲಿ ಅದಕ್ಕೆ ಬೇರೆ ಅಕ್ಷರವಿಲ್ಲ. ಸ್ವರಚಿಹ್ನೆಯನ್ನೇ ಎರಡು ಸಲ ಹಾಕುತ್ತಾರೆ. ನಮ್ಮ ಮದರಸಾಗಳ ಮಕ್ಕಳು ಇವನ್ನು ದೋ ಜಬರ್, ದೋ ಜೇರ್, ದೋ ಪೇಶ್ ಎಂದು ಕಲಿಯುತ್ತಾರೆ. ಜಬರ್ ಎಂದರೆ ಅಕ್ಷರದ ಮೇಲಿನ ಗೀಟು, ‘ಅ’ ದನಿ. ಜೇರ್ ಕೆಳಗಿನ ಗೀಟು, ‘ಇ’. ಪೇಶ್ ಮೇಲಿನ ಪುಟ್ಟ ಕೊಂಡಿ, ‘ಉ’. ಅರಬ್ಬಿಯ ಮೂರು ವಿಭಕ್ತಿಗಳನ್ನು ಸಾಮಾನ್ಯವಾಗಿ ಈ ಮೂರು ಸ್ವರಗಳು ತೋರಿಸುತ್ತವೆ: ಕರ್ತೃವಿಗೆ ‘ಉ’, ಕರ್ಮಕ್ಕೆ ‘ಅ’, ‘ಇಲಾ’, ‘ಫೀ’, ‘ಮಿನ್’ನಂಥ ಪದಗಳ ನಂತರ ‘ಇ’. ಇಬ್ರಾಹೀಮನಂಥ ಪದಗಳಿಗೆ ತನ್ವೀನೂ ಇಲ್ಲ, ‘ಇ’ಯೂ ಇಲ್ಲ. ಮೂರು ವಿಭಕ್ತಿಗಳ ಕೆಲಸವನ್ನು ಅವು ‘ಉ’ ಮತ್ತು ‘ಅ’ ಎರಡರಲ್ಲೇ ಮುಗಿಸುತ್ತವೆ. ಮದರಸಾಗಳಲ್ಲಿ ಇವಕ್ಕೆ ‘ಗೈರ್ ಮುನ್ಸರಿಫ್’ ಎನ್ನುತ್ತಾರೆ.

ಹೀಗೇಕೆ ಎನ್ನುವುದಕ್ಕೆ 8ನೇ ಶತಮಾನದ ವೈಯಾಕರಣ ಸೀಬವೈಹಿ ಕೊಟ್ಟ ಉತ್ತರ ಇಂದಿಗೂ ಪಾಠದಲ್ಲಿದೆ. ಅರಬ್ಬಿ ಕ್ರಿಯಾಪದಕ್ಕೆ ತನ್ವೀನ್ ಸೇರುವುದಿಲ್ಲ, ಈ ‘ಇ’ ವಿಭಕ್ತಿಯೂ ಸೇರುವುದಿಲ್ಲ. ನಾಮಪದ ಹಗುರ, ಕ್ರಿಯಾಪದ ಭಾರ ಎಂಬುದು ಅವರ ಮಾತು. ಯಾವುದೋ ಕಾರಣಕ್ಕೆ ನಾಮಪದವೂ ಭಾರವಾಗಿ ಕ್ರಿಯಾಪದದ ಹತ್ತಿರಕ್ಕೆ ಬಂದರೆ ಅದರಂತೆಯೇ ನಡೆದುಕೊಳ್ಳುತ್ತದೆ. 1249ರಲ್ಲಿ ತೀರಿಕೊಂಡ ಇಬ್ನುಲ್ ಹಾಜಿಬ್ ತಮ್ಮ ‘ಕಾಫಿಯಾ’ದಲ್ಲಿ ಇಂಥ ಒಂಬತ್ತು ಕಾರಣಗಳನ್ನು ಕೊಟ್ಟಿದ್ದಾರೆ. ಒಂದು ಪದದಲ್ಲಿ ಎರಡು ಕಾರಣ ಕೂಡಬೇಕು, ಇಲ್ಲವೇ ಎರಡಕ್ಕೆ ಸಮನಾದ ಒಂದು ಇರಬೇಕು.

ನಮ್ಮ ಊರುಗಳಲ್ಲಿ ದಿನವೂ ಕೇಳುವ ಹೆಸರುಗಳಲ್ಲೇ ಇದನ್ನು ನೋಡಬಹುದು. ಫಾತಿಮಾ ಅಂಕಿತನಾಮ, ಜೊತೆಗೆ ಸ್ತ್ರೀಲಿಂಗ: ಎರಡಾಯಿತು. ಯೂಸುಫ್, ಇಬ್ರಾಹೀಮ್ ಅಂಕಿತನಾಮಗಳು, ಜೊತೆಗೆ ಬೇರೆ ಭಾಷೆಯಿಂದ ಬಂದವು. ಉಸ್ಮಾನ್, ರಂಜಾನ್ ಹೆಸರುಗಳ ಕೊನೆಗೆ ಹೆಚ್ಚುವರಿ ‘ಆನ್’ ಇದೆ. ಅಹ್ಮದ್ ಕೇಳಲು ‘ನಾನು ಹೊಗಳುತ್ತೇನೆ’ ಎಂಬ ಕ್ರಿಯಾಪದದ ಹಾಗೆಯೇ ಇದೆ. ಹಮ್ಜಾ ಗಂಡಸಿನ ಹೆಸರು, ಆದರೆ ಕೊನೆಯಲ್ಲಿ ಸ್ತ್ರೀಲಿಂಗದ ‘ತಾ’ ಇರುವುದರಿಂದ ಅದೂ ತನ್ವೀನ್ ಬಿಟ್ಟಿದೆ. ಪ್ರವಾದಿಗಳ ಹೆಸರುಗಳಿಗೆ ಹಳೆಯ ಗುರುಗಳು ಒಂದು ಸುಲಭದ ಲೆಕ್ಕ ಹೇಳಿಕೊಡುತ್ತಾರೆ: ಮುಹಮ್ಮದ್, ಸಾಲಿಹ್, ಶುಐಬ್, ಹೂದ್, ನೂಹ್, ಲೂತ್ ಈ ಆರಕ್ಕೆ ತನ್ವೀನ್ ಉಂಟು, ಉಳಿದವಕ್ಕೆ ಇಲ್ಲ. ನೂಹ್, ಲೂತ್ ಹೊರಗಿನಿಂದ ಬಂದ ಹೆಸರುಗಳೇ. ಆದರೆ ಮೂರೇ ಅಕ್ಷರ, ನಡುವಿನದಕ್ಕೆ ಸ್ವರಚಿಹ್ನೆಯಿಲ್ಲ. ಹಾಗಾಗಿ ನಾಲಿಗೆಗೆ ಹಗುರ, ಭಾರದ ವಾದ ಅವಕ್ಕೆ ಅನ್ವಯಿಸುವುದಿಲ್ಲ.

ಹೆಸರುಗಳು ಬೇಗ ಅಭ್ಯಾಸವಾಗುತ್ತವೆ. ಓದುವವರು ಹೆಚ್ಚಾಗಿ ಎಡವುವುದು ಬಹುವಚನಗಳಲ್ಲಿ. ಮಸಾಜಿದ್ (ಮಸೀದಿಗಳು), ಮದಾರಿಸ್ (ಶಾಲೆಗಳು), ಮಫಾತೀಹ್ (ಬೀಗದಕೈಗಳು) ಒಂದೇ ಅಚ್ಚಿನವು. ಮೊದಲೆರಡು ಅಕ್ಷರಗಳಿಗೆ ಜಬರ್, ಆಮೇಲೆ ಅಲಿಫ್, ಅದರಾಚೆ ಎರಡು ಅಕ್ಷರ, ಅಥವಾ ನಡುವೆ ‘ಈ’ ಇರುವ ಮೂರು. ಈ ಅಚ್ಚು ಒಂದೇ ಸಾಕು, ಎರಡನೇ ಕಾರಣ ಹುಡುಕಬೇಕಿಲ್ಲ.

‘ಹಳೆಯ ಮಸೀದಿಗಳಲ್ಲಿ ನಮಾಜ್ ಮಾಡಿದೆ’ ಎಂಬ ವಾಕ್ಯ ತೆಗೆದುಕೊಳ್ಳಿ: ‘ಸಲ್ಲೈತು ಫೀ ಮಸಾಜಿದ ಕದೀಮತಿನ್’. ‘ಫೀ’ ಬಂದಮೇಲೆ ‘ಇ’ ಬರಬೇಕಿತ್ತು. ‘ಮಸಾಜಿದ’ದ ಮೇಲೆ ಒಂಟಿ ಜಬರ್ ಇದೆ. ಅದನ್ನು ಕರ್ಮವೆಂದು ತಿಳಿದರೆ ವಾಕ್ಯವೇ ಕೈತಪ್ಪುತ್ತದೆ. ಈಗ ಪಕ್ಕದ ವಿಶೇಷಣ ನೋಡಿ. ‘ಕದೀಮತಿನ್’, ದೋ ಜೇರ್. ವಿಶೇಷಣ ತನ್ನ ನಾಮಪದದ ವಿಭಕ್ತಿಯನ್ನೇ ಹಿಡಿಯುತ್ತದೆ. ಆದರೆ ‘ಕದೀಮಾ’ ಸಾಮಾನ್ಯ ಪದವಾದ್ದರಿಂದ ಆ ವಿಭಕ್ತಿಯನ್ನು ಮುಚ್ಚಿಡದೆ ತೋರಿಸುತ್ತದೆ. ಹೆಸರೊಂದು ಜಬರಿನಲ್ಲಿ ನಿಂತು ಅದರ ವಿಶೇಷಣ ಜೇರಿನಲ್ಲಿ ನಿಂತಿದ್ದರೆ ಅಚ್ಚಿನ ದೋಷವೆಂದು ಗಾಬರಿಯಾಗಬೇಕಿಲ್ಲ. ಗೈರ್ ಮುನ್ಸರಿಫನ್ನು ಗುರುತಿಸಲು ನನಗೆ ಇದಕ್ಕಿಂತ ನಂಬಿಕೆಯ ಕುರುಹು ಬೇರೆ ಕಂಡಿಲ್ಲ.

ಅದೇ ವಾಕ್ಯಕ್ಕೆ ‘ಅಲ್’ ಸೇರಿಸಿ: ‘ಫಿಲ್ ಮಸಾಜಿದಿಲ್ ಕದೀಮತಿ’. ‘ಇ’ ಮರಳಿ ಬಂತು. ಮುಂದಿನ ಪದಕ್ಕೆ ಸಂಬಂಧ ಕೂಡಿಸಿ: ‘ಫೀ ಮಸಾಜಿದಿಲ್ ಮದೀನತಿ’, ನಗರದ ಮಸೀದಿಗಳಲ್ಲಿ. ಇಲ್ಲೂ ‘ಇ’ಯೇ. ‘ಅಲ್’ ಆಗಲಿ ಸಂಬಂಧವಾಗಲಿ ನಾಮಪದಕ್ಕೆ ಮಾತ್ರ ಸೇರುವಂಥವು. ಅವು ಸೇರಿದೊಡನೆ ಕ್ರಿಯಾಪದದ ಹೋಲಿಕೆ ಕಳಚಿಬೀಳುತ್ತದೆ ಎಂಬುದು ವೈಯಾಕರಣರ ವಿವರಣೆ. ಆದ್ದರಿಂದ ‘ಅಲ್’ ಇಲ್ಲದ, ಸಂಬಂಧವೂ ಇಲ್ಲದ ಪದಗಳಲ್ಲಷ್ಟೇ ಇದನ್ನು ಹುಡುಕಿ.

ಪತ್ರಿಕೆ, ಕಾದಂಬರಿಗಳಲ್ಲಿ ಜಬರ್-ಜೇರ್‌ಗಳನ್ನೇ ಅಚ್ಚು ಮಾಡುವುದಿಲ್ಲ. ಅಲ್ಲಿ ಉಳಿಯುವ ಸುಳಿವು ಒಂದು ಅಲಿಫ್. ಕರ್ಮಸ್ಥಾನದ ತನ್ವೀನ್ ಪದದ ಕೊನೆಗೆ ಅಲಿಫನ್ನು ತರುತ್ತದೆ. ‘ಪುಸ್ತಕಗಳನ್ನೂ ಬೀಗದಕೈಗಳನ್ನೂ ಕೊಂಡೆ’ ಎಂದು ಬರೆದರೆ ‘ಕುತುಬನ್’ ಕೊನೆಗೆ ಅಲಿಫ್ ಕಾಣುತ್ತದೆ, ‘ಮಫಾತೀಹ’ದ ಕೊನೆ ಬೋಳು. ಆದರೆ ಕೊನೆಯಲ್ಲಿ ಸ್ತ್ರೀಲಿಂಗದ ‘ತಾ’ ಇದ್ದರೆ ತನ್ವೀನ್ ಇದ್ದಾಗಲೂ ಅಲಿಫ್ ಬರುವುದಿಲ್ಲ. ಅಲ್ಲಿ ಈ ಪರೀಕ್ಷೆ ನಡೆಯದು.

ಅರಬರ ಬರಹವೇ ಈ ಭೇದವನ್ನು ಬಳಸಿಕೊಂಡ ಸೊಗಸಾದ ಪ್ರಸಂಗವೊಂದಿದೆ. ಉಮರ್ ಮತ್ತು ಅಮ್ರ್ ಎರಡು ಹೆಸರಿಗೂ ಅವೇ ಮೂರು ಅಕ್ಷರ. ಗೊಂದಲವಾಗದಿರಲೆಂದು ಅಮ್ರ್ ಕೊನೆಗೆ ಓದದ ಒಂದು ‘ವಾವ್’ ಬರೆಯುತ್ತಾರೆ. ಆದರೆ ‘ಅಮ್ರನನ್ನು ಕಂಡೆ’ ಎನ್ನುವಾಗ ಆ ವಾವ್ ಹೋಗುತ್ತದೆ. ಅಮ್ರ್‌ಗೆ ತನ್ವೀನ್ ಇದೆ, ಆದ್ದರಿಂದ ಅಲಿಫ್ ಬಂತು. ಉಮರ್‌ಗೆ ತನ್ವೀನಿಲ್ಲ, ಅಲಿಫೂ ಇಲ್ಲ. ಎರಡೂ ತಾವಾಗಿಯೇ ಬೇರೆಯಾಗಿ ಕಾಣುವುದರಿಂದ ವಾವ್‌ಗೆ ಕೆಲಸವೇ ಉಳಿಯಲಿಲ್ಲ.

ಮೋಸಹೋಗುವ ಜಾಗಗಳೂ ಇವೆ. ‘ಅಸಾತಿಜಾ’ (ಗುರುಗಳು) ಮಸಾಜಿದ್ ಅಚ್ಚಿನಂತೆಯೇ ಕಾಣುತ್ತದೆ. ಕೊನೆಗೆ ‘ತಾ’ ಸೇರಿದ್ದರಿಂದ ಅಚ್ಚು ಮುರಿದು ತನ್ವೀನ್ ಬರುತ್ತದೆ. ‘ಆ’ ಆದಮೇಲೆ ಹಮ್ಜಾ ಅಕ್ಷರವಿರುವ ಪದಗಳದ್ದು ಇನ್ನೂ ಸೂಕ್ಷ್ಮ. ‘ಅಸ್ದಿಕಾಅ್’ (ಗೆಳೆಯರು) ತನ್ವೀನ್ ಒಲ್ಲದು, ‘ಅಸ್ಮಾಅ್’ (ಹೆಸರುಗಳು) ಒಪ್ಪುತ್ತದೆ. ಮೊದಲನೆಯದರಲ್ಲಿ ಆ ಕೊನೆ ಹೊರಗಿನಿಂದ ಸೇರಿದ ಪ್ರತ್ಯಯ. ಎರಡನೆಯದರಲ್ಲಿ ಕೊನೆಯ ಹಮ್ಜಾ ಪದದ ಬೇರಿನ ಅಕ್ಷರವೇ ರೂಪ ಬದಲಿಸಿದ್ದು. ಏಕವಚನ ನೋಡಿದರೆ ತಿಳಿಯುತ್ತದೆ: ‘ಸದೀಕ್’ನಲ್ಲಿ ಸ-ದ-ಕ ಮೂರೂ ಇವೆ, ಹಮ್ಜಾ ಹೆಚ್ಚುವರಿ.

ಈ ಲೆಕ್ಕದಲ್ಲಿ ‘ಅಶ್ಯಾಅ್’ (ವಸ್ತುಗಳು) ತನ್ವೀನ್ ಹೊರಬೇಕಿತ್ತು, ಏಕೆಂದರೆ ‘ಶೈಅ್’ನ ಬೇರಿನಲ್ಲೇ ಹಮ್ಜಾ ಇದೆ. ಆದರೆ ಕುರ್‌ಆನಿನ 5ನೇ ಅಧ್ಯಾಯದಲ್ಲಿ ಅದು ತನ್ವೀನಿಲ್ಲದೆ, ‘ಇ’ಯ ಜಾಗದಲ್ಲಿ ಒಂಟಿ ಜಬರಿನೊಂದಿಗೆ ಬಂದಿದೆ. ಸೀಬವೈಹಿಯ ಗುರು ಖಲೀಲ್, ಮೂಲರೂಪ ‘ಶೈಆಅ್’ ಆಗಿತ್ತು, ಅಕ್ಷರಗಳು ಜಾಗ ಬದಲಿಸಿದವು, ಕೊನೆಯ ಹಮ್ಜಾ ಪ್ರತ್ಯಯದ್ದೇ ಎಂದು ವಾದಿಸಿದರು. ಕೂಫಾದ ಕಿಸಾಈ ಇದನ್ನು ಒಪ್ಪಲಿಲ್ಲ. ಅದು ಸಾಮಾನ್ಯ ಬಹುವಚನವೇ, ಬಹಳ ಬಳಕೆಯಿಂದ ಸ್ತ್ರೀಲಿಂಗದ ಪದಗಳ ಹೋಲಿಕೆಗೆ ಬಿದ್ದಿತು ಎಂದರು. ಕಾರಣದ ಬಗ್ಗೆ ಜಗಳವಿದ್ದರೂ ಓದಿನ ಬಗ್ಗೆ ಇಬ್ಬರದೂ ಒಂದೇ ಮಾತು: ‘ಅಶ್ಯಾಅ’, ತನ್ವೀನ್ ಇಲ್ಲ.