‘ರೊಕ್ಕ ಹೋತೋ, ಉಳೀತೋ?’: ಪಾವತಿ ವಿಫಲವಾದಾಗ ಸಂದೇಶ ಹೇಳಬೇಕಾದದ್ದು

ಮುಳಗುಂದದ ಒಂದು ಕಿರಾಣಿ ಅಂಗಡಿ ಎಂದಿಟ್ಟುಕೊಳ್ಳಿ. ಗಿರಾಕಿ ಯುಪಿಐ ಮೂಲಕ ₹640 ಕಟ್ಟುತ್ತಾರೆ. ಮೊಬೈಲಿಗೆ ಸಂದೇಶ ಬರುತ್ತದೆ:

‘ಗೌರವಾನ್ವಿತ ಗ್ರಾಹಕರೇ, ತಾಂತ್ರಿಕ ಕಾರಣಗಳಿಂದ ತಮ್ಮ ವಹಿವಾಟು ವಿಫಲವಾಗಿರುತ್ತದೆ (Z9). ಅನಾನುಕೂಲಕ್ಕೆ ವಿಷಾದಿಸುತ್ತೇವೆ. ನಂತರ ಪ್ರಯತ್ನಿಸಿ ಅಥವಾ ಶಾಖೆಯನ್ನು ಸಂಪರ್ಕಿಸಿ.’

ಓದಿ ಮುಗಿಸಿದ ಗಿರಾಕಿ ಅಂಗಡಿಯವರನ್ನೇ ಕೇಳುತ್ತಾರೆ: ‘ಅಣ್ಣಾರ, ರೊಕ್ಕ ಹೋತೋ, ಉಳೀತೋ?’

ತಪ್ಪು ಕಲ್ಪನೆ: ಕೋಡ್, ಕ್ಷಮೆ ಎಲ್ಲ ಇದ್ದರೆ ಸಂದೇಶ ಪೂರ್ಣ.

ಸತ್ಯ: Z9 ಎಂದರೆ ಕಟ್ಟುವವರ ಖಾತೆಯಲ್ಲಿ ಸಾಕಷ್ಟು ಹಣವಿಲ್ಲ ಎಂದರ್ಥ. ‘ತಾಂತ್ರಿಕ ಕಾರಣ’ ಎಂದು ನಂಬಿದವರು ಎಷ್ಟು ಸಲ ಒತ್ತಿದರೂ ಪಾವತಿ ಆಗದು. ಕೋಡ್ ಬ್ಯಾಂಕಿನವರಿಗೆ ಬೇಕು, ಗಿರಾಕಿಗೆ ಅದರ ಅರ್ಥ ಸಾಕು:

‘ಖಾತೆಯಲ್ಲಿ ಹಣ ಸಾಲದೆ ₹640 ಪಾವತಿ ಆಗಿಲ್ಲ. ಹಣ ಹಾಕಿ ಮತ್ತೆ ಪಾವತಿಸಿ.’

ಚಿಕ್ಕದಾಗಿಸಲು ಇನ್ನೊಂದು ಕಾರಣವೂ ಇದೆ. ಇಂಗ್ಲಿಷ್ ಎಸ್‌ಎಂಎಸ್ ಒಂದರಲ್ಲಿ 160 ಅಕ್ಷರ ಹಿಡಿದರೆ ಕನ್ನಡದ್ದರಲ್ಲಿ 70 ಮಾತ್ರ. ಗುಣಿತದ ಚಿಹ್ನೆ, ಒತ್ತು ಕೊಡುವ ಅರ್ಧಚಿಹ್ನೆ ಎಲ್ಲವೂ ಬೇರೆ ಬೇರೆಯಾಗಿ ಲೆಕ್ಕಕ್ಕೆ ಬರುತ್ತವೆ. ಕಣ್ಣಿಗೆ ಎರಡೇ ಅಕ್ಷರವಾಗಿ ಕಾಣುವ ‘ಮತ್ತೆ’ ಅಲ್ಲಿ ಐದು. ಮೇಲಿನ ಸಂದೇಶ 60ಕ್ಕೆ ಮುಗಿಯುತ್ತದೆ.

ತಪ್ಪು ಕಲ್ಪನೆ: ಹಣ ತಲುಪದಿದ್ದರೆ ಪಾವತಿ ವಿಫಲವೇ, ಇನ್ನೊಮ್ಮೆ ಕಟ್ಟಿದರಾಯಿತು.

ಸತ್ಯ: ವಿಫಲವಾದದ್ದು ಬೇರೆ, ಫಲಿತಾಂಶ ಇನ್ನೂ ಗೊತ್ತಾಗದೆ ನಿಂತದ್ದು ಬೇರೆ. ಎರಡನೆಯದರಲ್ಲಿ ಗಿರಾಕಿಯ ಖಾತೆಯಿಂದ ಹಣ ಕಡಿತವಾಗಿದ್ದು, ಅಂಗಡಿಗೆ ಖಚಿತ ಸುದ್ದಿ ಬಂದಿರುವುದಿಲ್ಲ. ಆಗ ಮತ್ತೆ ಕಟ್ಟಿದರೆ ₹640 ಎರಡು ಸಲ ಹೋದೀತು. ಹಾಗಾಗಿ ಸಂದೇಶವೂ ಬೇರೆಯಾಗಬೇಕು:

‘₹640 ಪಾವತಿ ಖಚಿತವಾಗಿಲ್ಲ. ಮತ್ತೆ ಪಾವತಿಸದೆ ಮುಂದಿನ ಸಂದೇಶಕ್ಕೆ ಕಾಯಿರಿ.’

ಕಾಯುವುದಕ್ಕೂ ಮಿತಿಯಿದೆ. ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್ 20ರಂದು ಹೊರಡಿಸಿದ ಸುತ್ತೋಲೆಯಂತೆ, ಅಂಗಡಿಗೆ ಯುಪಿಐನಲ್ಲಿ ಕಟ್ಟಿದ ಹಣ ಕಡಿತವಾಗಿಯೂ ಅಲ್ಲಿಗೆ ಖಚಿತವಾಗದಿದ್ದರೆ, ವಹಿವಾಟಿನ ದಿನದ ನಂತರ 5 ದಿನದೊಳಗೆ ತಾನಾಗಿ ಹಿಂತಿರುಗಬೇಕು. ತಡವಾದರೆ ದಿನಕ್ಕೆ ₹100 ಪರಿಹಾರ ಸಲ್ಲಬೇಕು. ವ್ಯಕ್ತಿಯಿಂದ ವ್ಯಕ್ತಿಗೆ ಕಳಿಸಿದ ಹಣಕ್ಕಾದರೆ ಗಡುವು ಮರುದಿನವೇ.

ತಪ್ಪು ಕಲ್ಪನೆ: ಹತ್ತು ದಾರಿ ತೋರಿಸಿದರೆ ಗಿರಾಕಿಗೆ ಅನುಕೂಲ.

ಸತ್ಯ: ‘ಪ್ರಯತ್ನಿಸಿ, ಕರೆ ಮಾಡಿ, ಶಾಖೆಗೆ ಬನ್ನಿ’ ಎಂದರೆ ಯಾವುದು ಮೊದಲು ಎಂದು ಆರಿಸುವ ಹೊರೆ ಗಿರಾಕಿಯ ಮೇಲೆಯೇ ಬೀಳುತ್ತದೆ. ಕಾರಣ ಗೊತ್ತಿರುವುದು ಕಳಿಸುವವರಿಗೆ, ಆರಿಸಬೇಕಾದವರೂ ಅವರೇ. ಹಣ ಸಾಲದಿದ್ದರೆ ‘ಹಾಕಿ’, ಪಿನ್ ತಪ್ಪಿದ್ದರೆ ‘ಸರಿಯಾದ ಪಿನ್ ಒತ್ತಿ’, ಖಚಿತವಾಗದಿದ್ದರೆ ‘ಕಾಯಿರಿ’. ಒಂದು ಸಂದೇಶಕ್ಕೆ ಒಂದೇ ದಾರಿ.

ಗಿರಾಕಿಗೂ ಒಂದು ಎಚ್ಚರಿಕೆ: ‘ಹಣ ವಾಪಸ್ ಪಡೆಯಲು ಪಿನ್ ಒತ್ತಿ’ ಎಂದು ಯಾವುದಾದರೂ ಸಂದೇಶ ಹೇಳಿದರೆ ಅದು ಮೋಸ. ಯುಪಿಐನಲ್ಲಿ ಪಿನ್ ಬೇಕಾಗುವುದು ಹಣ ಕೊಡುವಾಗ, ಪಡೆಯುವಾಗ ಅಲ್ಲ.