ಪಾಸ್‌ಬುಕ್ಕಿನಲ್ಲಿ SWEEP ಎಂಬ ಸಾಲು ಕಂಡರೆ

ಬೆಳೆ ಮಾರಿದ ಹಣ ಖಾತೆಗೆ ಬಂದ ಮರುದಿನ ಪಾಸ್‌ಬುಕ್ ಪ್ರಿಂಟ್ ಹಾಕಿಸಿದರೆ, ಜಮಾ ಆದ ದೊಡ್ಡ ಮೊತ್ತದ ಕೆಳಗೇ ಹೆಚ್ಚುಕಡಿಮೆ ಅಷ್ಟೇ ದೊಡ್ಡ ಖರ್ಚು ಬಿದ್ದಿರುತ್ತದೆ. ಬಾಕಿಯ ಕಾಲಮ್ಮಿನಲ್ಲಿ ಉಳಿದಿರುವುದು ಇಪ್ಪತ್ತೈದು ಸಾವಿರ. ಯಾರೋ ಮೋಸ ಮಾಡಿ ಹಣ ತೆಗೆದರು ಎಂದು ಗಾಬರಿಯಾಗಿ ಬ್ಯಾಂಕಿಗೆ ಓಡುವವರಿದ್ದಾರೆ. ಕೌಂಟರಿನವರು ಸಾಲಿನ ವಿವರ ನೋಡಿ, "ಎಲ್ಲೂ ಹೋಗಿಲ್ಲ ಯಜಮಾನ್ರೇ, ನಿಮ್ಮ ಹೆಸರಲ್ಲೇ ಡೆಪಾಸಿಟ್ ಆಗಿ ಕೂತಿದೆ" ಎನ್ನುತ್ತಾರೆ. ಆ ವಿವರದಲ್ಲಿ ಸಾಮಾನ್ಯವಾಗಿ SWEEP ಎಂಬ ಪದವಿರುತ್ತದೆ. ಸ್ಟೇಟ್ ಬ್ಯಾಂಕಿನ ಖಾತೆಯಾದರೆ ಸ್ಟೇಟ್‌ಮೆಂಟಿನ ತಲೆಯಲ್ಲಿ MOD Balance ಎಂದು ಪ್ರತ್ಯೇಕ ಮೊತ್ತ ಕಾಣುತ್ತದೆ. ಅಲ್ಲಿ ಈ ಠೇವಣಿಗೆ ಮಲ್ಟಿ ಆಪ್ಷನ್ ಡೆಪಾಸಿಟ್ ಎಂದು ಹೆಸರು. ಬೇರೆ ಬ್ಯಾಂಕುಗಳಲ್ಲಿ ಫ್ಲೆಕ್ಸಿ, ಆಟೋ ಸ್ವೀಪ್, ಸ್ವೀಪ್ ಇನ್ ಎನ್ನುತ್ತಾರೆ. ಹೆಸರು ಏನೇ ಇರಲಿ, ಉಳಿತಾಯ ಖಾತೆಯಲ್ಲಿ ಒಂದು ಮಿತಿಯನ್ನು ಮೀರಿದ ಹಣ ತಾನಾಗಿ ಅವಧಿ ಠೇವಣಿಯಾಗುತ್ತದೆ, ಖಾತೆಯಲ್ಲಿ ಹಣ ಸಾಲದಿದ್ದಾಗ ಠೇವಣಿಯಿಂದ ಬೇಕಾದಷ್ಟು ತಾನಾಗಿ ವಾಪಸು ಬರುತ್ತದೆ.

ವರ್ಷದ ಆದಾಯ ಒಂದೆರಡು ಕಂತಿನಲ್ಲಿ ಬಂದು ತಿಂಗಳುಗಟ್ಟಲೆ ನಿಧಾನವಾಗಿ ಖರ್ಚಾಗುವವರಿಗೆ ಈ ಏರ್ಪಾಡು ಚೆನ್ನಾಗಿ ಒದಗುತ್ತದೆ. ಸಾಗರದ ಕಡೆಯ ಒಬ್ಬ ಅಡಿಕೆ ಬೆಳೆಗಾರರ ಖಾತೆಯನ್ನೇ ಲೆಕ್ಕಕ್ಕಾಗಿ ಕಲ್ಪಿಸಿಕೊಳ್ಳೋಣ. ಮಿತಿ 25,000 ರೂಪಾಯಿ. ಅದಕ್ಕಿಂತ ಮೇಲಿದ್ದದ್ದು ಸಾವಿರದ ಲೆಕ್ಕದಲ್ಲಿ ಒಂದು ವರ್ಷದ ಠೇವಣಿಗೆ ಹೋಗಬೇಕು. ಉಳಿತಾಯ ಖಾತೆಗೆ ಶೇಕಡ 2.5 ಬಡ್ಡಿ, ಒಂದು ವರ್ಷದ ಠೇವಣಿಗೆ ಶೇಕಡ 6.25 ಎಂದಿಟ್ಟುಕೊಳ್ಳೋಣ. ಬಡ್ಡಿ ದರಗಳು ಬ್ಯಾಂಕಿನಿಂದ ಬ್ಯಾಂಕಿಗೆ, ಕಾಲದಿಂದ ಕಾಲಕ್ಕೆ ಬದಲಾಗುತ್ತವೆ. ಇಲ್ಲಿರುವುದು ಲೆಕ್ಕ ತೋರಿಸಲು ಮಾತ್ರ.

ಮಾರ್ಚ್ 10ರಂದು ಖಾತೆಯಲ್ಲಿ 18,400 ರೂಪಾಯಿ ಇತ್ತು. ಸೊಸೈಟಿಯಿಂದ ಅಡಿಕೆ ಬಾಬ್ತು 2,80,000 ಜಮಾ ಆಯಿತು. ಒಟ್ಟು 2,98,400. ದಿನದ ವಹಿವಾಟು ಮುಗಿದ ಮೇಲೆ ಬ್ಯಾಂಕಿನ ಕಂಪ್ಯೂಟರು ಮಿತಿಗಿಂತ ಎಷ್ಟು ಹೆಚ್ಚಿದೆ ಎಂದು ನೋಡುತ್ತದೆ. ಹೆಚ್ಚಿದ್ದದ್ದು 2,73,400. ಸಾವಿರದ ಲೆಕ್ಕಕ್ಕೆ 2,73,000 ತೆಗೆದು ಠೇವಣಿ ಮಾಡುತ್ತದೆ, ಖಾತೆಯಲ್ಲಿ 25,400 ಉಳಿಯುತ್ತದೆ. ಪಾಸ್‌ಬುಕ್ಕಿನಲ್ಲಿ ಇದು ಖರ್ಚಿನ ಕಾಲಮ್ಮಿಗೇ ಬೀಳುತ್ತದೆ. ಕೆಲವು ಬ್ಯಾಂಕುಗಳು ದಿನವೂ ನೋಡದೆ ವಾರಕ್ಕೊಮ್ಮೆ ಗೊತ್ತಾದ ದಿನ ಮಾತ್ರ ಹೀಗೆ ಹಣ ಎತ್ತುತ್ತವೆ. ಹಾಗಿದ್ದಲ್ಲಿ ಹಣ ಬಂದ ದಿನಕ್ಕೂ ಈ ಸಾಲಿಗೂ ನಡುವೆ ನಾಲ್ಕಾರು ದಿನದ ಅಂತರ ಇರಬಹುದು.

ಮಾರ್ಚ್ 24ರಂದು ಉಳಿದ ಅಡಿಕೆಯ 41,500 ಬಂತು. ಬಾಕಿ 66,900. ಈ ಸಲ 41,000 ಹೋಗಿ 25,900 ಉಳಿಯಿತು. ಇಲ್ಲಿ ಗಮನಿಸಬೇಕಾದದ್ದು, ಈ ಎರಡನೇ ಮೊತ್ತ ಮೊದಲಿನ ಠೇವಣಿಗೆ ಸೇರಿಕೊಳ್ಳುವುದಿಲ್ಲ. ಅದಕ್ಕೆ ಅದರದೇ ನಂಬರು, ಅದರದೇ ಆರಂಭದ ದಿನ, ಆ ದಿನದ ಬಡ್ಡಿ ದರ. ಮೊಬೈಲ್ ಆ್ಯಪಿನಲ್ಲಿ ಠೇವಣಿಗಳ ಪಟ್ಟಿ ತೆರೆದರೆ ಎರಡೂ ಬೇರೆಬೇರೆಯಾಗಿ ಕಾಣುತ್ತವೆ. ಮುಂದಿನ ಲೆಕ್ಕವೆಲ್ಲ ನಿಂತಿರುವುದು ಇದರ ಮೇಲೆ.

ಏಪ್ರಿಲ್ 15ಕ್ಕೆ ಗೊಬ್ಬರದ ಅಂಗಡಿಗೆ ಕೊಟ್ಟ 60,000ದ ಚೆಕ್ ಬಂತು. ಖಾತೆಯಲ್ಲಿರುವುದು 25,900, ಕಡಿಮೆ ಬಿದ್ದದ್ದು 34,100. ಚೆಕ್ ವಾಪಸಾಗುವುದಿಲ್ಲ. ಸಾವಿರದ ಲೆಕ್ಕದಲ್ಲಿ 35,000 ಠೇವಣಿಯಿಂದ ಒಡೆದು ಖಾತೆಗೆ ಬರುತ್ತದೆ. ಕೆಲವು ಬ್ಯಾಂಕುಗಳು ಒಂದೊಂದು ರೂಪಾಯಿಯ ಲೆಕ್ಕದಲ್ಲಿ ಒಡೆಯುತ್ತವೆ, ಅಲ್ಲಿ ಬೇಕಾದದ್ದಕ್ಕಿಂತ ಹೆಚ್ಚು ಒಡೆಯುವ ಮಾತೇ ಇಲ್ಲ. ಇನ್ನು, ಎರಡು ಠೇವಣಿಗಳಲ್ಲಿ ಒಡೆಯುವುದು ಯಾವುದು? ಬಹಳಷ್ಟು ಕಡೆ ಕೊನೆಗೆ ಇಟ್ಟದ್ದು ಮೊದಲು ಒಡೆಯುತ್ತದೆ. ಆದ್ದರಿಂದ ಮಾರ್ಚ್ 24ರ 41,000ದಿಂದ 35,000 ಹೊರಟಿತು. ಉಳಿದ 6,000 ಹಳೆಯ ತಾರೀಖು, ಹಳೆಯ ದರದಲ್ಲೇ ಮುಂದುವರಿಯುತ್ತದೆ. ಮಾರ್ಚ್ 10ರದ್ದಕ್ಕೆ ಯಾರೂ ಕೈ ಹಚ್ಚಿಲ್ಲ.

ಆ 35,000ಕ್ಕೆ ಬಂದ ಬಡ್ಡಿ ಎಷ್ಟು ಎಂದು ಕೇಳಿದರೆ ಹೆಚ್ಚಿನವರು 6.25ರ ಲೆಕ್ಕ ಹಾಕುತ್ತಾರೆ. ಅದು ಸಿಗುವುದಿಲ್ಲ. ಹಣ ಠೇವಣಿಯಲ್ಲಿ ಇದ್ದದ್ದು 22 ದಿನ. ಅವಧಿಗೆ ಮೊದಲೇ ಒಡೆದ ಠೇವಣಿಗೆ, ಅದು ನಿಜವಾಗಿ ಇದ್ದಷ್ಟು ದಿನಕ್ಕೆ ಯಾವ ದರವಿತ್ತೋ ಆ ದರ, ಅದರಲ್ಲೂ ಸಾಮಾನ್ಯವಾಗಿ ಅರ್ಧದಿಂದ ಒಂದು ಶೇಕಡದಷ್ಟು ದಂಡ ಕಳೆದು ಕೊಡುತ್ತಾರೆ. 22 ದಿನದ ದರ ಶೇಕಡ 3, ದಂಡ ಅರ್ಧ ಎಂದುಕೊಂಡರೆ ಸಿಕ್ಕಿದ್ದು 2.5. ರೂಪಾಯಿಯಲ್ಲಿ 53. ಉಳಿತಾಯ ಖಾತೆಯಲ್ಲೇ ಬಿಟ್ಟಿದ್ದರೂ ಅಷ್ಟೇ ಬರುತ್ತಿತ್ತು. ಏಳು ದಿನಕ್ಕಿಂತ ಮೊದಲೇ ಒಡೆದಿದ್ದರೆ ಅದೂ ಇಲ್ಲ, ಏಕೆಂದರೆ ಅವಧಿ ಠೇವಣಿಯ ಕನಿಷ್ಠ ಅವಧಿಯೇ ಏಳು ದಿನ. ಅಷ್ಟು ದಿನಕ್ಕೆ ಉಳಿತಾಯ ಖಾತೆಯ ಬಡ್ಡಿಯೂ ತಪ್ಪಿಹೋಗುತ್ತದೆ.

ಅಂದಿನ ಸಾಲುಗಳು ಪಾಸ್‌ಬುಕ್ಕಿನಲ್ಲಿ ಹೀಗೆ ಕಾಣುತ್ತವೆ. 35,000 ಜಮಾ, ಅದರ ಜೊತೆಗೋ ಪಕ್ಕದ ಸಾಲಿನಲ್ಲೋ ಬಡ್ಡಿ 53 ಜಮಾ, ಚೆಕ್ಕಿಗೆ 60,000 ಖರ್ಚು, ಬಾಕಿ 953. ಬಾಕಿ ಮತ್ತೆ ಇಪ್ಪತ್ತೈದು ಸಾವಿರಕ್ಕೆ ಏಕೆ ಬರಲಿಲ್ಲ ಎಂಬ ಪ್ರಶ್ನೆ ಬರುವುದು ಸಹಜ. ಸಾಮಾನ್ಯವಾಗಿ ಬ್ಯಾಂಕು ಕಡಿಮೆ ಬಿದ್ದಷ್ಟನ್ನು ಮಾತ್ರ ತರುತ್ತದೆ. ಮಿತಿ ಎಂಬುದು ಹಣ ಹೊರಗೆ ಹೋಗುವಾಗಿನ ಲೆಕ್ಕ, ವಾಪಸು ಬರುವಾಗ ಅದನ್ನು ತುಂಬಿಸುವ ನಿಯಮ ಹೆಚ್ಚಿನ ಕಡೆ ಇಲ್ಲ. ಆದ್ದರಿಂದ ಎಟಿಎಮ್ಮಿನ ಚೀಟಿಯಲ್ಲಿ ಬರೀ 953 ಕಂಡರೂ ಕೈಯಲ್ಲಿ ಹಣವಿಲ್ಲ ಎಂದಲ್ಲ. ಠೇವಣಿಯ ಕಡೆ ಇನ್ನೂ 2,79,000 ಇದೆ.

ಆಗಸ್ಟ್ 20ಕ್ಕೆ ಮಗಳ ಕಾಲೇಜಿನ ಫೀಸು 1,20,000. ನಡುವಿನ ಸಣ್ಣಪುಟ್ಟ ವಹಿವಾಟು ಬಿಡೋಣ. ಈಗ ಮೊದಲು ಉಳಿದಿದ್ದ 6,000 ಪೂರ್ತಿ ಒಡೆಯುತ್ತದೆ, ಆಮೇಲೆ ಮಾರ್ಚ್ 10ರ ಠೇವಣಿಯಿಂದ 1,14,000. ಈ ಹಣ 163 ದಿನ ಇತ್ತು. ಅಷ್ಟು ದಿನದ ದರ 4.75, ದಂಡ ಕಳೆದು 4.25 ಎಂದರೆ ಬಡ್ಡಿ ಸುಮಾರು 2,160 ರೂಪಾಯಿ. ಉಳಿತಾಯ ಖಾತೆಯಲ್ಲಿದ್ದರೆ ಸುಮಾರು 1,270 ಆಗುತ್ತಿತ್ತು. ಇಲ್ಲಿ ಲಾಭ ಕಾಣತೊಡಗಿತು. ಇನ್ನುಳಿದ 1,59,000 ಮುಂದಿನ ಮಾರ್ಚ್‌ವರೆಗೆ ಒಡೆಯದೆ ಉಳಿದರೆ ಮಾತ್ರ ಪೂರ್ತಿ 6.25ರ ಬಡ್ಡಿ, ಮೂರು ತಿಂಗಳಿಗೊಮ್ಮೆ ಚಕ್ರಬಡ್ಡಿಯ ಲೆಕ್ಕದಲ್ಲಿ ಸುಮಾರು 10,170 ರೂಪಾಯಿ ಸಿಗುತ್ತದೆ.

ಒಂದೇ ಬೆಳೆಯ ಹಣ, ಒಂದೇ ಖಾತೆ, ಆದರೆ ಒಂದು ತುಂಡಿಗೆ 2.5, ಇನ್ನೊಂದಕ್ಕೆ 4.25, ಮತ್ತೊಂದಕ್ಕೆ 6.25. ಬ್ಯಾಂಕಿನ ಜಾಹೀರಾತಿನಲ್ಲಿ ಉಳಿತಾಯ ಖಾತೆಗೆ ಎಫ್‌ಡಿ ಬಡ್ಡಿ ಎಂದು ದೊಡ್ಡದಾಗಿ ಬರೆದಿರುವುದನ್ನು ನಾನು ಪೂರ್ತಿ ಒಪ್ಪದಿರುವುದು ಇದಕ್ಕೇ. ಆ ಬಡ್ಡಿ ಸಿಗುವುದು ಅಲುಗಾಡದೆ ಕೂತ ಹಣಕ್ಕೆ. ಬಂದುಹೋಗುವ ಹಣಕ್ಕೆ ಈ ವ್ಯವಸ್ಥೆಯಿಂದ ದಕ್ಕುವುದು ಬಹಳ ಕಡಿಮೆ.

ಇದರಿಂದ ಮಿತಿಯ ವಿಷಯಕ್ಕೆ ಬರಬೇಕು. ಈ ಬೆಳೆಗಾರರ ಮನೆಯ ಖರ್ಚು ತಿಂಗಳಿಗೆ 40,000 ಇದ್ದು ಮಿತಿ 25,000ಕ್ಕೇ ಇದ್ದರೆ ಪ್ರತಿ ತಿಂಗಳೂ ಹೊಸ ಠೇವಣಿ ಹುಟ್ಟಿ ಎರಡು ವಾರದಲ್ಲಿ ಒಡೆಯುತ್ತದೆ. ಕೊನೆಯದು ಮೊದಲು ಒಡೆಯುವ ಕ್ರಮದಲ್ಲಿ ಹಳೆಯ ದೊಡ್ಡ ಠೇವಣಿ ಸುರಕ್ಷಿತವಾಗಿರುತ್ತದೆ ನಿಜ, ಆದರೆ ಮೇಲಿನ ಪದರ ಮಾತ್ರ ಸುಮ್ಮನೆ ಹುಟ್ಟಿ ಸಾಯುತ್ತಿರುತ್ತದೆ. ಇದನ್ನು ಪತ್ತೆ ಮಾಡುವುದು ಸುಲಭ. ಮೂರು ತಿಂಗಳ ಸ್ಟೇಟ್‌ಮೆಂಟ್ ಮುಂದಿಟ್ಟುಕೊಂಡು SWEEP ಸಾಲುಗಳನ್ನು ಜೋಡಿ ಮಾಡಿ ನೋಡಿ: ಹೋದ ಮೊತ್ತ, ಬಂದ ಮೊತ್ತ, ನಡುವಿನ ದಿನಗಳು. ಏಳೆಂಟು, ಹತ್ತು ದಿನದ ಜೋಡಿಗಳೇ ಹೆಚ್ಚಿದ್ದರೆ ಮಿತಿ ತೀರಾ ಕೆಳಗಿದೆ ಎಂದರ್ಥ. ಒಂದೂವರೆ ತಿಂಗಳ ಖರ್ಚಿನಷ್ಟಕ್ಕೆ ಮಿತಿ ಏರಿಸಿಕೊಡಿ ಎಂದು ಶಾಖೆಯಲ್ಲಿ ಕೇಳಬಹುದು. ಮಿತಿ ಬದಲಿಸಲು ಅವಕಾಶವಿಲ್ಲದ ಖಾತೆಯಾದರೆ ಸ್ವೀಪ್ ನಿಲ್ಲಿಸಿ, ದೊಡ್ಡ ಹಣ ಬಂದಾಗ ಕೈಯಾರೆ ಎಫ್‌ಡಿ ಮಾಡಿ ಅದನ್ನು ಖಾತೆಗೆ ಜೋಡಿಸುವುದು ವಾಸಿ. ಠೇವಣಿಯ ಮೇಲೆ ಸಾಲ ಪಡೆದಿದ್ದರೆ ಆ ಠೇವಣಿ ಚೆಕ್ಕಿನ ನೆರವಿಗೆ ಬರುವುದಿಲ್ಲ ಎಂಬುದನ್ನೂ ನೆನಪಿಡಬೇಕು. ಚೆಕ್ ವಾಪಸಾದ ಮೇಲೆ ಅದು ತಿಳಿಯುವುದು ಬೇಡ.

ಆದಾಯ ತೆರಿಗೆಯ ಕಡೆ ಎರಡು ಮಾತು ಹೇಳಲೇಬೇಕು. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಆದರೆ ಅಡಿಕೆ ಮಾರಿದ ಹಣ ಠೇವಣಿಯಲ್ಲಿ ಕೂತು ತಂದ ಬಡ್ಡಿ ಕೃಷಿ ಆದಾಯವಲ್ಲ. ಅದು ತೆರಿಗೆಗೆ ಸೇರುವ ಆದಾಯ. ಹಳೆಯ ತೆರಿಗೆ ಪದ್ಧತಿಯಲ್ಲಿ ಉಳಿತಾಯ ಖಾತೆಯ ಬಡ್ಡಿಗೆ ಹತ್ತು ಸಾವಿರದವರೆಗೆ ಸಿಗುವ ವಿನಾಯಿತಿ ಈ ಬಡ್ಡಿಗೆ ಅನ್ವಯಿಸುವುದಿಲ್ಲ, ಹಣ ಎಸ್‌ಬಿ ಖಾತೆಯಿಂದಲೇ ಹೊರಟಿದ್ದರೂ ಬಡ್ಡಿ ಅವಧಿ ಠೇವಣಿಯದ್ದು. ಒಂದೇ ಬ್ಯಾಂಕಿನ ಠೇವಣಿಗಳ ಬಡ್ಡಿ ಸೇರಿ ವರ್ಷಕ್ಕೆ 50,000 ರೂಪಾಯಿ ಮೀರಿದರೆ ಬ್ಯಾಂಕು ಟಿಡಿಎಸ್ ಹಿಡಿಯುತ್ತದೆ. ಹಿರಿಯ ನಾಗರಿಕರಿಗೆ ಆ ಮಿತಿ 1,00,000. ಈ ಮಿತಿಗಳು 2025ರ ಏಪ್ರಿಲ್ 1ರಿಂದ ಜಾರಿಗೆ ಬಂದವು. ಬಡ್ಡಿ ಕೈಗೆ ಬಂದಿರದಿದ್ದರೂ ಮಾರ್ಚ್ ಕೊನೆಗೆ ಆವರೆಗಿನ ಬಡ್ಡಿಯನ್ನು ಲೆಕ್ಕಕ್ಕೆ ಹಿಡಿಯುವುದರಿಂದ, ಟಿಡಿಎಸ್ ಎಂದು ಒಂದು ಸಣ್ಣ ಖರ್ಚಿನ ಸಾಲು ದಿಢೀರನೆ ಕಾಣಬಹುದು.

ಎರಡನೆಯದು ಒಟ್ಟು ಮೊತ್ತದ ವಿಷಯ. ಸಾಲಕ್ಕೆ ಅರ್ಜಿ ಹಾಕುವಾಗ ವರ್ಷದ ಸ್ಟೇಟ್‌ಮೆಂಟಿನ ಜಮಾ ಕಾಲಮ್ಮನ್ನು ಕೂಡಿಸುವವರಿದ್ದಾರೆ. ನಮ್ಮ ಉದಾಹರಣೆಯಲ್ಲಿ ನಿಜವಾಗಿ ಬಂದದ್ದು 3,21,500. ಠೇವಣಿಯಿಂದ ವಾಪಸಾದ 35,000, 6,000, 1,14,000 ಕೂಡ ಜಮಾ ಕಡೆಗೇ ಬಿದ್ದಿರುವುದರಿಂದ ಕೂಡಿಸಿದರೆ ನಾಲ್ಕೂಮುಕ್ಕಾಲು ಲಕ್ಷ ದಾಟುತ್ತದೆ. ಹಾಗೆಯೇ ವರ್ಷಕ್ಕೆ ಹತ್ತು ಲಕ್ಷ ಅಥವಾ ಹೆಚ್ಚು ಹೊಸ ಅವಧಿ ಠೇವಣಿ ಇಟ್ಟವರ ವಿವರವನ್ನು ಬ್ಯಾಂಕು ತೆರಿಗೆ ಇಲಾಖೆಗೆ ಕಳಿಸುತ್ತದೆ. ಒಂದೇ ಹಣ ಮತ್ತೆ ಮತ್ತೆ ಹೋಗಿ ಬಂದು ಮಾಡಿದರೆ, ಇಟ್ಟ ಠೇವಣಿಗಳ ಮೊತ್ತ ಕಾಗದದ ಮೇಲೆ ಹತ್ತು ಲಕ್ಷ ಮುಟ್ಟಿಬಿಡಬಹುದು. ಇಲಾಖೆಯಿಂದ ಪ್ರಶ್ನೆ ಬಂದರೆ ಗಾಬರಿ ಬೇಡ, ಉತ್ತರ ಸ್ಟೇಟ್‌ಮೆಂಟಿನಲ್ಲೇ ಇದೆ. ಹೋದ ಸಾಲಿಗೆ ಬಂದ ಸಾಲನ್ನು ಠೇವಣಿಯ ನಂಬರಿನ ಪ್ರಕಾರ ಜೋಡಿಸಿ ತೋರಿಸಿದರೆ ಸಾಕು. ಏಪ್ರಿಲ್‌ನಲ್ಲಿ ಬ್ಯಾಂಕಿನಿಂದ ಬಡ್ಡಿ ಸರ್ಟಿಫಿಕೇಟ್ ತೆಗೆದುಕೊಳ್ಳುವಾಗ, ಮುರಿದ ಠೇವಣಿಗಳ ಪಟ್ಟಿಯನ್ನೂ ಕೇಳಿ ಪಡೆದಿಟ್ಟುಕೊಳ್ಳಿ. ಆ್ಯಪಿನಲ್ಲಿ ಕಾಣುವುದು ಹೆಚ್ಚಾಗಿ ಈಗ ಉಳಿದಿರುವ ಠೇವಣಿಗಳು ಮಾತ್ರ.